ಹಸಿ ಕಸ ಗೊಬ್ಬರದ ಚೀಲವಾದ ಬಗೆ: ಬೆಂಗಳೂರಿನ ಒಂದು ವ್ಯಾಪಾರದ ಹಿನ್ನೆಲೆ

ಮನೆ ಮತ್ತು ಕಚೇರಿಗಳ ಕಸದಲ್ಲಿ ಕಾಗದ, ರಟ್ಟು, ಬಾಟಲಿ, ತಗಡುಗಳಿಗೆ ಗುಜರಿ ಅಂಗಡಿಯಲ್ಲಿ ಎಂದಿನಿಂದಲೂ ಬೆಲೆಯಿದೆ. ತೂಕದಲ್ಲಿ ಇವೆಲ್ಲಕ್ಕಿಂತ ಹೆಚ್ಚಿರುವ ಹಸಿ ಕಸವನ್ನು ಮಾತ್ರ ದುಡ್ಡು ಕೊಟ್ಟು ಒಯ್ಯುವವರಿಲ್ಲ. ತರಕಾರಿ ಸಿಪ್ಪೆ, ಉಳಿದ ಅನ್ನ, ಕ್ಯಾಂಟೀನಿನ ಎಂಜಲು, ಚಹಾದ ಚರಟಗಳು ಗೊಬ್ಬರವಾದ ಮೇಲೆಯೇ ಮಾರಾಟದ ವಸ್ತುವಾಗುತ್ತವೆ. ಗೊಬ್ಬರ ಮಾಡುವ ವಿದ್ಯೆ ನಮ್ಮಲ್ಲಿ ಹಳೆಯದು, ಕೊಳ್ಳುವ ರೈತರೂ ಊರ ಹೊರಗೇ ಇದ್ದರು. ಹೀಗಿದ್ದೂ ಈ ವ್ಯಾಪಾರ ಬೆಂಗಳೂರಿನಲ್ಲಿ ದಶಕಗಳ ಕಾಲ ಏಕೆ ಕುಂಟುತ್ತಾ ಬಂತು, ಈಗ ಅದನ್ನು ನಡೆಸುತ್ತಿರುವವರು ಯಾವ ಲೆಕ್ಕದ ಮೇಲೆ ನಡೆಸುತ್ತಿದ್ದಾರೆ ಎಂಬುದನ್ನು ತಿಳಿಯಲು ಅದರ ಹಿನ್ನೆಲೆಯನ್ನು ನೋಡಬೇಕು.

ನಗರದ ಕಸದಿಂದ ಗೊಬ್ಬರ ತಯಾರಿಸುವ ಒಂದು ಕ್ರಮಕ್ಕೆ ಕೃಷಿ ವಿಜ್ಞಾನದಲ್ಲಿ ಇಂದಿಗೂ ಬೆಂಗಳೂರು ಪದ್ಧತಿ ಎಂಬ ಹೆಸರಿದೆ. ಇಲ್ಲಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್. ಆಚಾರ್ಯ ಅವರು 1939ರ ಸುಮಾರಿಗೆ ರೂಪಿಸಿದ ಕ್ರಮವಿದು. ಆಳವಾದ ಗುಂಡಿಯಲ್ಲಿ ಊರ ಕಸದ ಒಂದು ಪದರ, ಅದರ ಮೇಲೆ ಮಲದ ತೆಳುವಾದ ಪದರ, ಮತ್ತೆ ಕಸ, ಹೀಗೆ ತುಂಬಿ, ಕೊನೆಗೆ ಮಣ್ಣು ಮೆತ್ತಿ ಆರರಿಂದ ಎಂಟು ತಿಂಗಳು ಹಾಗೆಯೇ ಬಿಡಲಾಗುತ್ತಿತ್ತು. ಅದಕ್ಕೂ ಮೊದಲು ಇಂದೋರಿನಲ್ಲಿ ಆಲ್ಬರ್ಟ್ ಹೊವಾರ್ಡ್ ರೂಪಿಸಿದ್ದ ಕ್ರಮದಲ್ಲಿ ಗುಡ್ಡೆಯನ್ನು ಆಗಾಗ ಮಗುಚಬೇಕಾಗಿತ್ತು. ಬೆಂಗಳೂರು ಪದ್ಧತಿಯಲ್ಲಿ ಆ ಕೂಲಿ ಉಳಿಯುತ್ತಿತ್ತು, ಆದರೆ ಸಮಯ ಮತ್ತು ಜಾಗ ಹೆಚ್ಚು ಬೇಕಾಗುತ್ತಿತ್ತು. ಆಗಿನ ಕಸವೆಂದರೆ ಬೂದಿ, ಎಲೆ, ಸಿಪ್ಪೆ, ಮಣ್ಣು, ಚಿಂದಿ ಬಟ್ಟೆ ಇಷ್ಟೇ ಆದ್ದರಿಂದ ಗುಂಡಿಗೆ ಏನು ಹಾಕಿದರೂ ಬಹುಪಾಲು ಕೊಳೆತು ಮಣ್ಣಾಗುತ್ತಿತ್ತು. ಅದನ್ನು ಗಾಡಿಯಲ್ಲಿ ಒಯ್ಯುತ್ತಿದ್ದ ರೈತನಿಗೆ ಅದು ಮನೆಯ ತಿಪ್ಪೆಗುಂಡಿಯ ಗೊಬ್ಬರಕ್ಕಿಂತ ಬೇರೆಯದೆಂದು ಅನ್ನಿಸಲು ಕಾರಣವಿರಲಿಲ್ಲ.

1975ರಲ್ಲಿ ರಾಜ್ಯ ಸರ್ಕಾರ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮವನ್ನು ಸ್ಥಾಪಿಸಿತು. ಇಂದು ಎಚ್‌ಎಸ್‌ಆರ್ ಬಡಾವಣೆ ಬೆಳೆದಿರುವ ಕಡೆ, ಕೂಡ್ಲು ಬಳಿ, ನಗರದ ಕಸವನ್ನು ಗೊಬ್ಬರ ಮಾಡಿ ರೈತರಿಗೆ ಮಾರುವುದು ಅದರ ಕೆಲಸವಾಗಿತ್ತು. ನಿಗಮ ಬೆಳೆಯುವ ಹೊತ್ತಿಗೆ ಕಸದ ಸ್ವರೂಪವೇ ಬದಲಾಯಿತು. ಪ್ಲಾಸ್ಟಿಕ್ ಚೀಲ, ಒಡೆದ ಬಲ್ಬು, ಬ್ಯಾಟರಿ ಸೆಲ್, ಸೂಜಿ, ಬ್ಲೇಡುಗಳು ಹಸಿ ಕಸದೊಡನೆ ಒಂದೇ ಬುಟ್ಟಿಗೆ ಬೀಳತೊಡಗಿದವು. ಇಂಥ ಮಿಶ್ರ ಕಸವನ್ನು ಮೊದಲು ಕೊಳೆಸಿ, ಆಮೇಲೆ ಜರಡಿ ಹಿಡಿದು ಬೇರ್ಪಡಿಸುವ ದಾರಿಯನ್ನು ದೇಶದ ಬಹುತೇಕ ಘಟಕಗಳು ಹಿಡಿದವು. ಈ ವ್ಯಾಪಾರಕ್ಕೆ ಹಿಡಿದ ಗ್ರಹಣವೆಲ್ಲ ಆ ಒಂದು ತೀರ್ಮಾನದಿಂದ ಬಂತೆಂದು ನಾನು ನಂಬುತ್ತೇನೆ. ಜರಡಿಯಲ್ಲಿ ದೊಡ್ಡ ಪ್ಲಾಸ್ಟಿಕ್ ಮೇಲೆ ಉಳಿಯುತ್ತದೆ, ಆದರೆ ಗಾಜಿನ ಸಣ್ಣ ಚೂರು ಗೊಬ್ಬರದೊಡನೆಯೇ ಕೆಳಗಿಳಿಯುತ್ತದೆ. ಬ್ಯಾಟರಿಯಿಂದ ಸೋರಿದ ಸೀಸ, ಕ್ಯಾಡ್ಮಿಯಂ, ಪಾದರಸಗಳನ್ನು ಯಾವ ಜರಡಿಯೂ ತಡೆಯುವುದಿಲ್ಲ. ಬರಿಗಾಲಲ್ಲಿ ಗದ್ದೆಗಿಳಿಯುವವರಿಗೆ, ಬರಿಗೈಯಲ್ಲಿ ಗೊಬ್ಬರ ಎರಚುವವರಿಗೆ ಒಮ್ಮೆ ಗಾಜು ಚುಚ್ಚಿದರೆ ಸಾಕು, ಇಡೀ ಊರಿನವರು ಆ ಗೊಬ್ಬರವನ್ನು ಮತ್ತೆ ಮುಟ್ಟುವುದಿಲ್ಲ.

2006ರಲ್ಲಿ ಕೇಂದ್ರ ಸರ್ಕಾರವು ರಸಗೊಬ್ಬರ ನಿಯಂತ್ರಣ ಆದೇಶದೊಳಗೆ ಸಾವಯವ ಗೊಬ್ಬರಗಳನ್ನೂ ತಂದು, ನಗರದ ಕಸದ ಗೊಬ್ಬರಕ್ಕೆ ಮಾನದಂಡ ನಿಗದಿಪಡಿಸಿತು. ಅದರ ಪ್ರಕಾರ ಗೊಬ್ಬರದ ಶೇ 90ರಷ್ಟು ಭಾಗ 4 ಮಿ.ಮೀ. ಜರಡಿಯಲ್ಲಿ ಇಳಿಯಬೇಕು, ತೇವ ಶೇ 15ರಿಂದ 25ರೊಳಗಿರಬೇಕು, ಸೀಸವು ಕಿಲೋಗೆ 100 ಮಿಲಿಗ್ರಾಂ ಮತ್ತು ಕ್ಯಾಡ್ಮಿಯಂ 5 ಮಿಲಿಗ್ರಾಂ ಮೀರಬಾರದು. ಮಿಶ್ರ ಕಸದಿಂದ ತಯಾರಿಸಿ ಈ ಮಟ್ಟವನ್ನು ವರ್ಷವಿಡೀ ಕಾಯ್ದುಕೊಳ್ಳುವುದು ಬಹಳ ಕಷ್ಟ, ಮನೆಯಲ್ಲೇ ಬೇರೆಯಾಗಿ ಬಂದ ಹಸಿ ಕಸದಿಂದಾದರೆ ಅದೇನೂ ದೊಡ್ಡ ಮಾತಲ್ಲ. ಅದೇ ವರ್ಷ ಬೆಂಗಳೂರಿನಲ್ಲಿ ವಿನ್ಯಾಸಕಿ ಪೂನಂ ಬೀರ್ ಕಸ್ತೂರಿ ಅವರು ‘ಡೈಲಿ ಡಂಪ್’ ಆರಂಭಿಸಿ, ಒಂದರ ಮೇಲೊಂದು ಕೂರುವ ಮೂರು ಮಣ್ಣಿನ ಮಡಕೆಗಳ ‘ಕಂಬ’ವನ್ನು ಮಾರುಕಟ್ಟೆಗೆ ತಂದರು. ಕುಂಬಾರರ ಕೈಯಲ್ಲಿ ತಯಾರಾಗುವ ಈ ಸಾಧನವನ್ನು ಜನ ದುಡ್ಡು ಕೊಟ್ಟು ಕೊಂಡರು. ಗೊಬ್ಬರವಷ್ಟೇ ಅಲ್ಲದೆ ಗೊಬ್ಬರ ಮಾಡುವ ಪಾತ್ರೆ, ಅದಕ್ಕೆ ಬೇಕಾದ ಪುಡಿ, ತಿಂಗಳಿಗೊಮ್ಮೆ ಬಂದು ನೋಡಿ ಹೋಗುವ ಸೇವೆಯೂ ಮಾರಾಟವಾಗಬಲ್ಲವೆಂದು ಆಗ ತಿಳಿಯಿತು.

ಆದರೆ ನಗರ ಕಸ ಬೇರ್ಪಡಿಸಲು ಆರಂಭಿಸಿದ್ದು ಮಾವಳ್ಳಿಪುರದ ಜನ ಎದ್ದು ನಿಂತ ಮೇಲೆ. ಆ ಹಳ್ಳಿಯಲ್ಲಿ ಸುರಿದ ಮಿಶ್ರ ಕಸದ ರಸ ಕೆರೆ, ಬಾವಿಗಳನ್ನು ಸೇರಿ ಜನರ ಆರೋಗ್ಯ ಹದಗೆಟ್ಟಿತ್ತು. 2012ರಲ್ಲಿ ಅಲ್ಲಿಗೆ ಕಸ ಸಾಗಿಸುವುದು ನಿಂತು, ಬೀದಿಬೀದಿಗಳಲ್ಲಿ ಕಸ ರಾಶಿ ಬಿದ್ದಾಗ, ಹೈಕೋರ್ಟಿನಲ್ಲಿ ನಡೆಯುತ್ತಿದ್ದ ವಿಚಾರಣೆಯ ನಡುವೆ ಪಾಲಿಕೆಯು ಅಕ್ಟೋಬರ್ 1ರಿಂದ ಮನೆಯಲ್ಲೇ ಕಸ ಬೇರ್ಪಡಿಸುವುದನ್ನು ಕಡ್ಡಾಯಗೊಳಿಸಿತು. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ದಿನಕ್ಕೆ 100 ಕಿಲೋಗಿಂತ ಹೆಚ್ಚು ಕಸ ಹೊರಹಾಕುವವರನ್ನು ಬೃಹತ್ ಉತ್ಪಾದಕರೆಂದು ಗುರುತಿಸಿದವು. ದೊಡ್ಡ ಅಪಾರ್ಟ್‌ಮೆಂಟುಗಳು, ಐಟಿ ಕಂಪನಿಗಳ ಕಟ್ಟಡಗಳು, ಹೋಟೆಲುಗಳು ತಮ್ಮ ಹಸಿ ಕಸಕ್ಕೆ ತಾವೇ ವ್ಯವಸ್ಥೆ ಮಾಡಿಕೊಳ್ಳಬೇಕಾಯಿತು. ಹಸಿ ಕಸವನ್ನು ಸಂಭಾಳಿಸಲು ತಿಂಗಳ ಶುಲ್ಕ ಕೊಡಲು ಸಿದ್ಧರಿರುವ ಗಿರಾಕಿಗಳು ಈ ನಿಯಮಗಳಿಂದಲೇ ಹುಟ್ಟಿಕೊಂಡರು.

ಆ ಶುಲ್ಕವಿಲ್ಲದೆ ಲೆಕ್ಕ ಕೂಡಿಬರುವುದಿಲ್ಲ ಎಂಬುದನ್ನು ಒಂದು ಉದಾಹರಣೆಯಿಂದ ನೋಡಬಹುದು. 120 ಮನೆಗಳ ಅಪಾರ್ಟ್‌ಮೆಂಟಿನಲ್ಲಿ ಮನೆಗೆ ದಿನಕ್ಕೆ 600 ಗ್ರಾಂ ಹಸಿ ಕಸವೆಂದರೆ ಒಟ್ಟು ಸುಮಾರು 70 ಕಿಲೋ, ತಿಂಗಳಿಗೆ ಎರಡು ಟನ್ನು. ಕೊಳೆಯುವಾಗ ನೀರು ಆವಿಯಾಗಿ, ಇಂಗಾಲದ ಒಂದು ಪಾಲು ಗಾಳಿಗೆ ಹೋಗಿ, ಕೊನೆಗೆ ಸಿಗುವುದು ಹಾಕಿದ ತೂಕದ ಐದನೆಯ ಒಂದು ಭಾಗ, ಅಂದರೆ ಸುಮಾರು 400 ಕಿಲೋ ಗೊಬ್ಬರ. ಇದನ್ನು ಸಗಟಾಗಿ ಕಿಲೋಗೆ 6 ರೂಪಾಯಿಯಂತೆ ಮಾರಿದರೆ 2,400 ರೂಪಾಯಿ, ಚಿಕ್ಕ ಚೀಲ ಮಾಡಿ ಕೈತೋಟದವರಿಗೆ 15 ರೂಪಾಯಿಯಂತೆ ಮಾರಿದರೆ 6,000 ರೂಪಾಯಿ ಎಂದಿಟ್ಟುಕೊಳ್ಳೋಣ. ಒಬ್ಬ ಕೆಲಸಗಾರರ ಸಂಬಳಕ್ಕೂ ಅದು ಸಾಲದು. ಮನೆಗೆ ತಿಂಗಳಿಗೆ 120 ರೂಪಾಯಿ ಶುಲ್ಕವಿದ್ದರೆ 14,400 ರೂಪಾಯಿ ಬರುತ್ತದೆ, ಒಂದು ಕಡೆಯ ಕೆಲಸ ದಿನಕ್ಕೆ ಎರಡು ಮೂರು ಗಂಟೆಯದಾದ್ದರಿಂದ ಅಕ್ಕಪಕ್ಕದ ಮೂರು ಅಪಾರ್ಟ್‌ಮೆಂಟುಗಳನ್ನು ಒಬ್ಬರೇ ನೋಡಿಕೊಳ್ಳಬಹುದು. ಹೀಗೆ ಸಂಬಳ, ಸಾಗಣೆ, ರಿಪೇರಿಗಳು ಶುಲ್ಕದಿಂದ ನಡೆದು, ಗೊಬ್ಬರದ ದುಡ್ಡು ಅದರ ಮೇಲಿನ ಆದಾಯವಾಗುತ್ತದೆ. ಗೊಬ್ಬರ ಮಾರಿಯೇ ಎಲ್ಲ ವೆಚ್ಚ ತೂಗಿಸುತ್ತೇವೆಂದು ಹೊರಟವರು ಎಡವುವುದು ಈ ಲೆಕ್ಕದಲ್ಲಿಯೇ.

ಕೆಲಸದ ಕ್ರಮ ಸರಳ, ಆದರೆ ಅಸಡ್ಡೆಯನ್ನು ಅದು ಸಹಿಸುವುದಿಲ್ಲ. ಗಾಳಿಯಾಡುವ ಆರು ತೊಟ್ಟಿಗಳಿದ್ದು, ಒಂದೊಂದನ್ನು ಹತ್ತು ದಿನದಂತೆ ತುಂಬುತ್ತಾ ಹೋದರೆ, ಮತ್ತೆ ಮೊದಲನೆಯದಕ್ಕೆ ಬರುವಷ್ಟರಲ್ಲಿ ಅದಕ್ಕೆ ಐವತ್ತು ದಿನ ಸಿಕ್ಕಿರುತ್ತದೆ. ಪ್ರತಿದಿನದ ಹಸಿ ಕಸದೊಡನೆ ಅದರ ತೂಕದ ಕಾಲು ಭಾಗದಷ್ಟು ಒಣ ತರಗೆಲೆ ಅಥವಾ ತೆಂಗಿನ ನಾರಿನ ಪುಡಿ ಬೆರೆಸಬೇಕು. ಎಲೆಯನ್ನು ಪುಡಿ ಮಾಡುವ ಯಂತ್ರವೊಂದಿದ್ದರೆ, ಬಡಾವಣೆಯಲ್ಲಿ ಸುಟ್ಟು ಹಾಕುವ ಎಲೆಯೇ ಸಾಕಾಗಿ ನಾರಿನ ಪುಡಿಯ ಖರ್ಚು ಉಳಿಯುತ್ತದೆ. ಸರಿಯಾಗಿ ಬೆರೆತ ತೊಟ್ಟಿಯೊಳಗೆ ಮೂರು ನಾಲ್ಕು ದಿನದಲ್ಲಿ ಕೈಯಿಡಲಾಗದಷ್ಟು, 55ರಿಂದ 65 ಡಿಗ್ರಿಯಷ್ಟು ಬಿಸಿ ಏಳುತ್ತದೆ. ಕಳೆಯ ಬೀಜ ಮತ್ತು ರೋಗಾಣುಗಳು ಸಾಯುವುದು ಆ ಬಿಸಿಗೆ. ಕಣ್ಣು ಮೂಗು ಉರಿಸುವ ಅಮೋನಿಯಾ ವಾಸನೆ ಬಂದರೆ ಎಲೆ ಕಡಿಮೆಯಾಗಿದೆ, ಕೊಳೆತ ಮೊಟ್ಟೆಯ ವಾಸನೆ ಬಂದರೆ ಗಾಳಿ ಆಡುತ್ತಿಲ್ಲವೆಂದು ತಿಳಿಯಬೇಕು. ಮುಷ್ಟಿಯಲ್ಲಿ ಹಿಂಡಿದಾಗ ಒಂದೆರಡು ಹನಿ ಜಿನುಗಿದರೆ ತೇವ ಸರಿಯಿದೆ, ನೀರು ಸುರಿದರೆ ಹೆಚ್ಚಾಗಿದೆ.

ಕಚೇರಿಗಳಲ್ಲಿ ತೊಂದರೆ ಬೇರೆ ಬಗೆಯದು. ಅಲ್ಲಿನ ಕಾಗದದ ಕಪ್ಪಿನ ಒಳಮೈಗೆ ತೆಳುವಾದ ಪ್ಲಾಸ್ಟಿಕ್ ಪದರವಿರುತ್ತದೆ. ಕಾಗದ ಕೊಳೆತ ಮೇಲೂ ಆ ಪದರ ಗೊಬ್ಬರದಲ್ಲಿ ಉಳಿದು, ಚೀಲ ಬಿಚ್ಚಿದವರ ಕಣ್ಣಿಗೆ ಮೊದಲು ಬೀಳುವುದು ಅದೇ. ಕ್ಯಾಂಟೀನಿನ ಸಾರು, ಉಪ್ಪಿನಕಾಯಿಗಳಿಂದ ಉಪ್ಪಿನಂಶ ಏರಿ, ಕುಂಡದ ಎಳೆಯ ಸಸಿಯ ಎಲೆಯಂಚು ಸುಟ್ಟಂತಾಗುತ್ತದೆ. ಆದ್ದರಿಂದ ಎಂಜಲಿನ ದ್ರವವನ್ನು ಬಸಿದು, ತೋಟದ ಎಲೆಯ ಪ್ರಮಾಣವನ್ನು ಹೆಚ್ಚಿಸಿಕೊಳ್ಳಬೇಕಾಗುತ್ತದೆ. ಇಪ್ಪತ್ತನಾಲ್ಕು ಗಂಟೆಯಲ್ಲಿ ಗೊಬ್ಬರ ಕೊಡುತ್ತೇವೆಂದು ಮಾರಾಟವಾಗುವ ವಿದ್ಯುತ್ ಯಂತ್ರಗಳ ಬಗ್ಗೆ ಇಲ್ಲಿ ಎಚ್ಚರಿಕೆ ಬೇಕು. ಅವು ಕಸವನ್ನು ಕಾಯಿಸಿ ಒಣಗಿಸಿ ಪುಡಿ ಮಾಡುತ್ತವೆ, ಅದು ಕೊಳೆತ ಗೊಬ್ಬರವಲ್ಲ. ಆ ಪುಡಿಯನ್ನು ನೀರು ಚಿಮುಕಿಸಿ ಚೀಲದಲ್ಲಿ ಕಟ್ಟಿ ಮೂರು ನಾಲ್ಕು ದಿನ ಬಿಟ್ಟು ಬಿಚ್ಚಿದರೆ ಬಿಸಿಯೂ ದುರ್ನಾತವೂ ಹೊಮ್ಮುತ್ತವೆ. ಮಾಗಿದ ಗೊಬ್ಬರವಾದರೆ ಹೊಸ ಮಳೆ ಬಿದ್ದ ಮಣ್ಣಿನ ವಾಸನೆ ಬರುತ್ತದೆ. ಅದರಲ್ಲಿ ಮೆಂತ್ಯದ ಕಾಳು ಬಿತ್ತಿ ಮೊಳಕೆ ಎಷ್ಟು ಬಂತೆಂದು ಎಣಿಸುವುದು ಇನ್ನೊಂದು ಸುಲಭ ಪರೀಕ್ಷೆ. ಮಾಗದ ಗೊಬ್ಬರದಲ್ಲಿ ಕಾಳು ಮೊಳೆಯದೆ ಕೊಳೆಯುತ್ತದೆ.

ಇನ್ನು ಕೊಳ್ಳುವವರ ವಿಚಾರ. ನಗರದ ಗೊಬ್ಬರದ ಮಾರಾಟಕ್ಕೆ ಟನ್ನಿಗೆ 1,500 ರೂಪಾಯಿ ನೆರವನ್ನು ಕೇಂದ್ರ ಸರ್ಕಾರ 2016ರಲ್ಲಿ ಪ್ರಕಟಿಸಿ, ರಸಗೊಬ್ಬರ ಕಂಪನಿಗಳು ತಮ್ಮ ಸರಕಿನೊಡನೆ ಇದನ್ನೂ ಮಾರಬೇಕೆಂದಿತು. ಆದರೆ ಪೋಷಕಾಂಶದ ಲೆಕ್ಕದಲ್ಲಿ ಗೊಬ್ಬರವು ಯೂರಿಯಾದ ಪಕ್ಕದಲ್ಲಿ ನಿಲ್ಲಲಾರದು. 45 ಕಿಲೋ ಯೂರಿಯಾ ಚೀಲದಲ್ಲಿ ಸುಮಾರು 20 ಕಿಲೋ ಸಾರಜನಕವಿದ್ದು, ಸಹಾಯಧನದಿಂದಾಗಿ ರೈತನಿಗೆ ಅದು 270 ರೂಪಾಯಿಯ ಒಳಗೆ ಸಿಗುತ್ತದೆ. ಶೇ 0.8ರಷ್ಟು ಸಾರಜನಕವಿರುವ ಗೊಬ್ಬರದಿಂದ ಅಷ್ಟನ್ನೇ ಪಡೆಯಲು ಎರಡೂವರೆ ಟನ್ನು ಬೇಕು, ಅದರಲ್ಲೂ ಮೊದಲ ವರ್ಷ ಬೆಳೆಗೆ ದಕ್ಕುವುದು ಒಂದು ಪಾಲು ಮಾತ್ರ. ಇದನ್ನು ಯೂರಿಯಾಕ್ಕೆ ಬದಲಿಯೆಂದು ಮಾರುವುದು ತಪ್ಪು ಮಾತ್ರವಲ್ಲ, ರೈತನಿಗೆ ಮಾಡುವ ಅನ್ಯಾಯ. ಗೊಬ್ಬರ ನಿಜವಾಗಿ ಕೊಡುವುದು ಸಾವಯವ ಇಂಗಾಲವನ್ನು. ಮಣ್ಣು ಸಡಿಲವಾಗುವುದು, ತೇವ ಹೆಚ್ಚು ದಿನ ನಿಲ್ಲುವುದು, ಹಾಕಿದ ರಸಗೊಬ್ಬರ ಕೊಚ್ಚಿ ಹೋಗದಿರುವುದು ಅದರಿಂದಲೇ. ಈ ಗುಣಕ್ಕೆ ಹೆಚ್ಚು ಬೆಲೆ ಕೊಡುವವರು ನರ್ಸರಿಯವರು, ತಾರಸಿ ತೋಟದವರು, ಊರಿಗೆ ಹತ್ತಿರದ ಹೂವು, ತರಕಾರಿ ಬೆಳೆಗಾರರು. ದೂರದ ಹೊಲಕ್ಕೆ ಕಳಿಸಿದರೆ ಲಾರಿ ಬಾಡಿಗೆಯೇ ಬೆಲೆಯ ದೊಡ್ಡ ಪಾಲನ್ನು ನುಂಗಿಬಿಡುತ್ತದೆ.

ಕೊನೆಯ ಅಡಚಣೆಯೆಂದರೆ ಕಾಲದ್ದು. ಕಸ ದಿನವೂ ಬರುತ್ತದೆ, ರೈತರು ಗೊಬ್ಬರ ಕೇಳುವುದು ಮುಂಗಾರು ಹಿಂಗಾರು ಬಿತ್ತನೆಗೆ ಮುಂಚಿನ ಕೆಲವು ವಾರಗಳಲ್ಲಿ. ನಡುವಿನ ತಿಂಗಳುಗಳ ದಾಸ್ತಾನಿಗೆ ಮಳೆ ತಾಗದ ಸೂರು ಬೇಕು. ನೆನೆದ ಗೊಬ್ಬರ ಜರಡಿಯಲ್ಲಿ ಇಳಿಯುವುದಿಲ್ಲ, ತೇವ ಶೇ 25 ದಾಟಿದರೆ ಮಾನದಂಡದ ಪರೀಕ್ಷೆಯಲ್ಲಿ ತೇರ್ಗಡೆಯಾಗುವುದಿಲ್ಲ. ತೊಟ್ಟಿಗಳಿಗೆ ಜಾಗ ಕೇಳುವಾಗಲೇ ಒಂದು ಹಂಗಾಮಿನ ಗೊಬ್ಬರ ಹಿಡಿಯುವಷ್ಟು ಸೂರನ್ನೂ ಒಪ್ಪಂದದಲ್ಲಿ ಬರೆಸಿಕೊಳ್ಳುವವರು ಮಳೆಗಾಲದಲ್ಲೂ ಬೆಲೆ ಬಿಟ್ಟುಕೊಡಬೇಕಾಗುವುದಿಲ್ಲ.