‘ಹಾವು ಕಚ್ಚಿದ ರೈತ’: ಕಚ್ಚಿದ್ದು ಯಾರು?

ಪ್ರಶ್ನೆ: ‘ಹಾವು ಕಚ್ಚಿದ ರೈತ ಆಸ್ಪತ್ರೆಗೆ’ ಎಂಬ ತಲೆಬರಹ ಓದಿ ನಮ್ಮ ಮನೆಮಂದಿಯೆಲ್ಲ ನಕ್ಕರು. ಒಂದು ಅಲ್ಪವಿರಾಮ ಹಾಕಿದ್ದರೆ ಈ ಗೊಂದಲ ಇರುತ್ತಿರಲಿಲ್ಲ, ಅಲ್ಲವೇ?

ಉತ್ತರ: ಅಲ್ಲ. ಇದೇ ಪ್ರಶ್ನೆ ನಾಯಿಯ ವೇಷದಲ್ಲಿ, ಹುಲಿಯ ವೇಷದಲ್ಲಿ ನನಗೆ ಎಷ್ಟು ಸಲ ಬಂದಿದೆಯೋ, ಲೆಕ್ಕ ಇಡುವುದನ್ನು ಬಿಟ್ಟಿದ್ದೇನೆ. ಬರುವಾಗಲೆಲ್ಲ ಅಲ್ಪವಿರಾಮವನ್ನು ಜೊತೆಗೆ ಕರೆದುಕೊಂಡೇ ಬರುತ್ತದೆ.

ಒಮ್ಮೆ ಪೆನ್ಸಿಲ್ ಹಿಡಿಯಿರಿ. ಆ ಅಲ್ಪವಿರಾಮವನ್ನು ಎಲ್ಲಿ ಹಾಕುತ್ತೀರಿ? ‘ಹಾವು, ಕಚ್ಚಿದ ರೈತ’ ಎಂದರೆ ಹಾವು ಒಂದು ಕಡೆ, ಯಾರನ್ನೋ ಕಚ್ಚಿ ಬಂದ ರೈತ ಇನ್ನೊಂದು ಕಡೆ. ‘ಹಾವು ಕಚ್ಚಿದ, ರೈತ’ ಎಂದರೆ ಗೊಂದಲ ಹಾಗೆಯೇ ಉಳಿದು, ಓದುವವನಿಗೆ ನಡುವೆ ಬಿಕ್ಕಳಿಕೆ ಬಂದಂತಾಗುತ್ತದೆ. ‘ರೈತ’ ಆದ ಮೇಲೆ ಹಾಕಿದರೆ ಯಾರು ಯಾರನ್ನು ಕಚ್ಚಿದರು ಎಂಬುದಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಜಾಗ ಮುಗಿಯಿತು.

ಈ ನಂಬಿಕೆ ಹುಟ್ಟಿದ್ದು ಹಿಂದಿ ಪಾಠದಲ್ಲಿ ಎಂದು ನನ್ನ ಗುಮಾನಿ. ‘ರೋಕೋ ಮತ್ ಜಾನೇ ದೋ’ ಎಂಬ ವಾಕ್ಯ ಕೇಳಿರುತ್ತೀರಿ. ಅಲ್ಲಿ ‘ಬೇಡ’ ಎಂದು ಹೇಳುವ ‘ಮತ್’ ಬಿಡಿ ಪದ. ಹಿಂದಿನ ಕ್ರಿಯಾಪದದ ಜೊತೆಗೂ ಹೋಗಬಲ್ಲದು, ಮುಂದಿನದರ ಜೊತೆಗೂ ಹೋಗಬಲ್ಲದು. ಹಾಗಾಗಿ ಅಲ್ಪವಿರಾಮದ ಜಾಗ ಬದಲಾದರೆ ತಡೆಯಬೇಕೋ ಬಿಡಬೇಕೋ ಎಂಬುದೂ ಬದಲಾಗುತ್ತದೆ. ಕನ್ನಡದ ‘ಬೇಡ’ ತನ್ನ ಕ್ರಿಯಾಪದದ ಬೆನ್ನಿಗೇ ಅಂಟಿ ಕೂರುತ್ತದೆ. ‘ತಡೆಯಬೇಡ ಹೋಗಲು ಬಿಡು’, ‘ತಡೆ ಹೋಗಲು ಬಿಡಬೇಡ’. ಎರಡರಲ್ಲೂ ಅಲ್ಪವಿರಾಮ ಇಲ್ಲ, ಆದರೂ ಹೋಗುವವನ ಹಣೆಬರಹದಲ್ಲಿ ಸಂದೇಹವಿಲ್ಲ. ಹಿಂದಿಯ ಕಾಯಿಲೆಗೆ ಕೊಟ್ಟ ಮಾತ್ರೆಯನ್ನು ಕನ್ನಡಕ್ಕೂ ನುಂಗಿಸುತ್ತಿದ್ದೇವೆ.

ಹಾಗಾದರೆ ಹಾವಿನ ತಕರಾರು ಎಲ್ಲಿದೆ? ‘ಕಚ್ಚಿದ’ ಎಂಬ ಕೃದಂತದಲ್ಲಿ. ಪೂರ್ಣ ವಾಕ್ಯ ಬರೆದರೆ ಕ್ರಿಯಾಪದವೇ ಚಾಡಿ ಹೇಳಿಬಿಡುತ್ತದೆ: ‘ಕಚ್ಚಿತು’ ಎಂದರೆ ಹಾವು, ‘ಕಚ್ಚಿದನು’ ಎಂದರೆ ರೈತ. ಕೃದಂತವಾದ ಕೂಡಲೇ ಆ ಲಿಂಗ, ವಚನಗಳ ಗುರುತು ಅಳಿಸಿಹೋಗುತ್ತದೆ. ಮುಂದೆ ಬರುವ ನಾಮಪದಕ್ಕೂ ಅದಕ್ಕೂ ಏನು ನಂಟು ಎಂಬುದನ್ನೂ ಅದು ಹೇಳುವುದಿಲ್ಲ. ‘ಪುಸ್ತಕ ಓದಿದ ಹುಡುಗ’, ‘ಹುಡುಗ ಓದಿದ ಪುಸ್ತಕ’, ‘ಹುಡುಗ ಓದಿದ ಶಾಲೆ’ ಎಂಬ ಮೂರರಲ್ಲೂ ‘ಓದಿದ’ ಒಂದೇ. ಹುಡುಗ ಕರ್ತೃ, ಪುಸ್ತಕ ಕರ್ಮ, ಶಾಲೆ ಬರೀ ಜಾಗ. ಪುಸ್ತಕಕ್ಕೆ ಓದಲು ಬಾರದು ಎಂದು ನಮಗೆ ಗೊತ್ತಿರುವುದರಿಂದ ಬಚಾವಾಗುತ್ತೇವೆ. ಹಾವಿಗೂ ಹಲ್ಲಿದೆ, ರೈತನಿಗೂ ಇದೆ.

ಉಳಿದದ್ದು ದ್ವಿತೀಯಾ ವಿಭಕ್ತಿ. ರೈತನೇ ಕಚ್ಚಿದ್ದರೆ ‘ಹಾವನ್ನು ಕಚ್ಚಿದ ರೈತ’ ಎಂದರೆ ಮುಗಿಯಿತು. ಹಾವೇ ಕಚ್ಚಿದ್ದರೆ? ಸೇರಿಸಲು ಏನೂ ಇಲ್ಲ. ಪ್ರಥಮಾ ವಿಭಕ್ತಿಗೆ ‘ಉ’ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವೆ, ಸರಿ. ಆದರೆ ‘ಹಾವು’ ಎಂಬುದರಲ್ಲಿ ಆ ಉಕಾರ ಕರ್ಮದ ಜಾಗದಲ್ಲೂ ಇರುತ್ತದೆ: ‘ಹಾವು ಹಿಡಿದರು’ ಎನ್ನುತ್ತೇವಲ್ಲ. ಆಗ ಪದವನ್ನೇ ಬದಲಿಸಬೇಕು: ‘ಹಾವು ಕಡಿತ: ರೈತ ಆಸ್ಪತ್ರೆಗೆ’.

ತಿರುಗಿಸಿ ನೋಡಿದರೆ ಒಂದು ಸ್ವಾರಸ್ಯ ಕಾಣುತ್ತದೆ. ‘ರೈತ ಕಚ್ಚಿದ ಹಾವು’ ಎಂದರೆ ಕಚ್ಚಿದ್ದು ರೈತನೇ, ಸಂಶಯವಿಲ್ಲ. ಕರ್ಮವು ಮನುಷ್ಯನಾದರೆ ಆಡುವಾಗಲೂ ಬರೆಯುವಾಗಲೂ ನಾವು ‘ಅನ್ನು’ ಬಿಡುವುದಿಲ್ಲ. ‘ರೈತ ಕರೆದೆ’ ಎಂದು ಯಾರೂ ಹೇಳುವುದಿಲ್ಲ. ಬಿಡುವವರು ತಲೆಬರಹದವರು ಮಾತ್ರ. ಅಂಕಣದ ಅಗಲಕ್ಕೆ ಹೊಂದಿಸಲು ‘ಪತ್ನಿಯನ್ನು ಕೊಂದ ಪತಿ’ಯನ್ನು ‘ಪತ್ನಿ ಕೊಂದ ಪತಿ’ ಎಂದು ಕತ್ತರಿಸುತ್ತಾರೆ. ಸತ್ತವರು ಯಾರು, ಜೈಲಿಗೆ ಹೋದವರು ಯಾರು ಎಂದು ತಿಳಿಯಲು ಒಳಗಿನ ಸುದ್ದಿ ಓದಬೇಕು.

ನೀವು ಕೇಳದಿದ್ದರೂ ಇನ್ನೊಂದನ್ನು ಹೇಳಿಬಿಡುತ್ತೇನೆ. ಅಲ್ಪವಿರಾಮ ಕನ್ನಡದಲ್ಲಿ ಎಲ್ಲಿಯೂ ಕೆಲಸಕ್ಕೆ ಬಾರದೇ ಎಂದರೆ, ಬರುತ್ತದೆ. ‘ಪೊಲೀಸರಿಂದ ಕಳುವಾದ ಬೈಕ್ ವಶ’. ಬರೆದವರ ಮನಸ್ಸಿನಲ್ಲಿ ‘ಪೊಲೀಸರಿಂದ’ ಎಂಬುದು ಕೊನೆಯ ‘ವಶ’ಕ್ಕೆ ಸೇರಿದ್ದು. ಆದರೆ ಓದುವ ಕಣ್ಣು ಅಷ್ಟು ದೂರ ಕಾಯುವುದಿಲ್ಲ. ಮೊದಲು ಸಿಕ್ಕ ಕ್ರಿಯೆಗೇ ಅದನ್ನು ಗಂಟುಹಾಕುತ್ತದೆ, ಮತ್ತು ಇಲ್ಲಿ ಮೊದಲು ಸಿಗುವುದು ‘ಕಳುವಾದ’. ಆರಕ್ಷಕರೇ ಕಳ್ಳರಾದರು, ಇಲ್ಲವೇ ಠಾಣೆಯಿಂದಲೇ ಬೈಕ್ ಮಾಯವಾಯಿತು. ‘ಪೊಲೀಸರಿಂದ’ ಆದ ಮೇಲೆ ಅಲ್ಪವಿರಾಮ ಹಾಕಿದರೆ ಅವರ ಮಾನ ಉಳಿಯುತ್ತದೆ. ನಾನಾದರೆ ಅದನ್ನೂ ಹಾಕುವುದಿಲ್ಲ, ಪದಗಳನ್ನೇ ಸರಿಸುತ್ತೇನೆ: ‘ಕಳುವಾದ ಬೈಕ್ ಪೊಲೀಸರ ವಶಕ್ಕೆ’. ಅಕ್ಷರ ಹೆಚ್ಚೇನೂ ಆಗಲಿಲ್ಲ, ಎಣಿಸಿ ನೋಡಿ.