ಮಾತ್ರೆ ತಗೊಂಡೆ, ಡೇಟ್ ಎಲ್ಲಿ ಹೋಯ್ತು?

ಹಾಸನದ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಮೆಡಿಕಲ್ ಶಾಪ್ ಇದೆ. ಗರ್ಭ ನಿಲ್ಲದಿರಲಿ ಅಂತ ಸಂಪರ್ಕವಾದ ಮೇಲೆ ನುಂಗುವ ಎಪ್ಪತ್ತೆರಡು ಗಂಟೆ ಮಾತ್ರೆ ಕೇಳುವವರು ಅಂಗಡಿ ಖಾಲಿಯಾಗುವ ತನಕ ಪಕ್ಕದಲ್ಲಿ ನಿಂತು ವಿಕ್ಸ್ ಡಬ್ಬಿ ನೋಡುತ್ತಿರುತ್ತಾರೆ. ಮಾತ್ರೆ ಕೊಡೋದು ಒಂದು ನಿಮಿಷದ ಕೆಲಸ. ನಿಜವಾದ ಪ್ರಶ್ನೆ ಬರೋದು ಆಮೇಲೆ, ಎರಡು ಮೂರು ವಾರ ಬಿಟ್ಟು. "ಅಕ್ಕ, ಡೇಟ್ ಆಗಿಲ್ಲ." ಇಲ್ಲ ಅಂದ್ರೆ, "ಅಕ್ಕ, ಈಗಷ್ಟೇ ಆಗಿತ್ತು, ಮತ್ತೆ ಆಗ್ತಿದೆ."

ಮಾತ್ರೆ ಒಂದೇ. ಒಬ್ಬರಿಗೆ ಮುಟ್ಟು ಬೇಗ ಬರುತ್ತೆ, ಇನ್ನೊಬ್ಬರಿಗೆ ತಡ ಆಗುತ್ತೆ, ಮತ್ತೊಬ್ಬರಿಗೆ ಏನೂ ಆಗದ ಹಾಗೆ ಸರಿಯಾದ ತಾರೀಖಿಗೇ ಬರುತ್ತೆ. ಯಾಕೆ ಅಂತ ತಿಳಿಯಬೇಕಾದರೆ ಮಾತ್ರೆಯನ್ನು ತಿಂಗಳ ಯಾವ ದಿನ ನುಂಗಿದಿರಿ ಅಂತ ನೋಡಬೇಕು.

ಅದರೊಳಗೆ ಇರೋದು ಲೆವೊನೊರ್ಜೆಸ್ಟ್ರೆಲ್ ಅನ್ನುವ ಹಾರ್ಮೋನ್, 1.5 ಮಿಲಿಗ್ರಾಂ. ಇದು ಹೊಸದೇನಲ್ಲ. ಆಶಾ ಕಾರ್ಯಕರ್ತೆಯರು ಕೊಡುವ, ದಿನಕ್ಕೊಂದು ನುಂಗುವ ಮಾಲಾ-ಎನ್ ಮಾತ್ರೆಯಲ್ಲೂ ಇದೇ ಇದೆ, ಆದರೆ 0.15 ಮಿಲಿಗ್ರಾಂ. ಅಂದ್ರೆ ಹತ್ತು ದಿನದ ಹಾರ್ಮೋನನ್ನು ಒಂದೇ ಗುಟುಕಿಗೆ ನುಂಗಿದ ಹಾಗೆ. ಮೈ ಸ್ವಲ್ಪ ಗಲಿಬಿಲಿಯಾಗದೆ ಇರುತ್ತಾ?

ಇದರ ಮುಖ್ಯ ಕೆಲಸ ಅಂಡಾಣು ಹೊರಬರೋದನ್ನು ಮುಂದೂಡೋದು. ಅಂಡಾಣು ಬಿಡುಗಡೆಯಾಗೋಕೆ ಮೆದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿಯಿಂದ ಒಂದು ಜೋರಾದ ಸಂದೇಶ ಬರಬೇಕು. ಆ ಸಂದೇಶ ಹೊರಡುವ ಮೊದಲೇ ಮಾತ್ರೆ ಒಳಗೆ ಹೋದರೆ ಅದನ್ನು ತಡೆಯುತ್ತೆ. ಸಂದೇಶ ಹೊರಟ ಮೇಲೆ ನುಂಗಿದರೆ ಹೆಚ್ಚೇನೂ ಉಪಯೋಗವಿಲ್ಲ. ಬಸ್ ಹೊರಟ ಮೇಲೆ ಓಡಿ ಬಂದು ಸ್ಟ್ಯಾಂಡಲ್ಲಿ ನಿಂತ ಹಾಗೆ. ಆಗಲೇ ನಿಂತಿರುವ ಗರ್ಭವನ್ನೂ ಇದು ತೆಗೆಯಲ್ಲ, ಅದಕ್ಕೆ ಬೇರೆ ಔಷಧಿ ಇದೆ, ಡಾಕ್ಟರ್ ಚೀಟಿ ಬೇಕು.

ಈಗ ಮುಟ್ಟಿನ ಲೆಕ್ಕಕ್ಕೆ ಬನ್ನಿ. ನಾವೆಲ್ಲ ಹಿಂದಿನ ಮುಟ್ಟಿನಿಂದ 28 ದಿನ ಎಣಿಸುತ್ತೇವೆ. ಮೈ ಹಾಗೆ ಎಣಿಸೋದಿಲ್ಲ. ಅದು ಎಣಿಸೋದು ಅಂಡಾಣು ಬಿಡುಗಡೆಯಾದ ದಿನದಿಂದ, ಸುಮಾರು 14 ದಿನ. ಸಕಲೇಶಪುರದ ಕಡೆಯವರಿಗೆ ಇದನ್ನು ಹೇಳೋದು ಸುಲಭ. ಹೂಮಳೆ ತಡವಾದರೆ ಕಾಫಿ ಹೂ ತಡ, ಹೂ ತಡವಾದರೆ ಹಣ್ಣೂ ತಡ. ಹೋದ ವರ್ಷ ಯಾವ ತಾರೀಖಿಗೆ ಕುಯ್ಲು ಶುರುವಾಗಿತ್ತು ಅಂತ ಗಿಡಕ್ಕೆ ಗೊತ್ತಿಲ್ಲ.

ಒಬ್ಬರ ಲೆಕ್ಕ ಬಿಡಿಸಿ ನೋಡೋಣ. ಹೆಸರು ಬೇಡ, ತಾರೀಖನ್ನೂ ಸ್ವಲ್ಪ ಆಚೀಚೆ ಮಾಡಿದ್ದೇನೆ. ಮೇ 3ಕ್ಕೆ ಮುಟ್ಟಾಗಿತ್ತು. ಮುಂದಿನದು ಮೇ 31ಕ್ಕೆ ಬರಬೇಕು, ಅಂದ್ರೆ ಅಂಡಾಣು ಬರಬೇಕಾಗಿದ್ದು ಮೇ 17ರ ಸುಮಾರಿಗೆ. 13ರ ರಾತ್ರಿ ಕಾಂಡೋಮ್ ಹರಿದಿದೆ, 14ರ ಬೆಳಿಗ್ಗೆ ನಮ್ಮಲ್ಲಿಂದ ಮಾತ್ರೆ ತಗೊಂಡು ಹೋದರು. ಸರಿಯಾದ ಹೊತ್ತಿಗೆ ತಗೊಂಡಿದ್ದಾರೆ. ಇಂಥ ಹೊತ್ತಲ್ಲಿ ಅಂಡಾಣು ಒಂದು ಐದು ದಿನ ಹಿಂದೆ ಬಿತ್ತು ಅಂತ ಇಟ್ಟುಕೊಳ್ಳಿ, 22 ಆಯ್ತು. ಅದಕ್ಕೆ 14 ಸೇರಿಸಿ, ಜೂನ್ 5. ಅಂದ್ರೆ ಮುಟ್ಟು ಐದು ದಿನ ಲೇಟಾಗಿದ್ದೇ ಮಾತ್ರೆ ಕೆಲಸ ಮಾಡಿದ್ದರಿಂದ ಇರಬಹುದು! ಹೆದರಿಕೆ ಹುಟ್ಟಿಸುವ ಲಕ್ಷಣವೂ ಅದೇ, ಮಾತ್ರೆ ಫಲಿಸಿದ ಲಕ್ಷಣವೂ ಅದೇ.

ಪಾಪ, ಅವರಿಗೆ ಅಷ್ಟು ತಾಳ್ಮೆ ಎಲ್ಲಿ. 20ಕ್ಕೆ ಬಟ್ಟೆಯ ಮೇಲೆ ಕಂದು ಬಣ್ಣದ ಎರಡು ಮೂರು ಹನಿ ಕಂಡಿದೆ. ಒಂದೇ ದಿನ, ಪ್ಯಾಡ್ ಬೇಕಾಗುವಷ್ಟೂ ಇಲ್ಲ. ಅದನ್ನೇ ಮುಟ್ಟು ಅಂದುಕೊಂಡು ನೆಮ್ಮದಿಯಾದರು. ಆಮೇಲೆ ಇದು ಮುಟ್ಟಲ್ಲ ಅನ್ನಿಸಿ 26ಕ್ಕೆ ಪ್ರೆಗ್ನೆನ್ಸಿ ಕಿಟ್ ತಗೊಂಡರು, ಒಂದೇ ಗೆರೆ ಬಂತು. ಆಗ ನಾನು ಹೇಳಿದೆ, "ನೋಡಮ್ಮ, ಈ ಒಂದು ಗೆರೆಗೆ ಈಗ ಅರ್ಥ ಇಲ್ಲ. ಇನ್ನೊಂದು ವಾರ ತಡಿ."

ಯಾಕೆ ಅಂದ್ರೆ, ವೀರ್ಯಾಣು ಒಳಗೆ ಐದು ದಿನದವರೆಗೂ ಬದುಕಿರಬಹುದು. ಅಂಡಾಣು ಸೇರಿ, ಅದು ಗರ್ಭಕೋಶಕ್ಕೆ ಅಂಟಿಕೊಳ್ಳೋಕೆ ಇನ್ನೊಂದು ವಾರ ಹತ್ತು ದಿನ ಬೇಕು. ಕಿಟ್ ಹುಡುಕುವ ಹಾರ್ಮೋನ್ ಹುಟ್ಟೋದೇ ಅಂಟಿಕೊಂಡ ಮೇಲೆ. ಅದು ಮೂತ್ರದಲ್ಲಿ ಕಾಣುವಷ್ಟು ಏರೋಕೆ ಮತ್ತೆ ಕೆಲವು ದಿನ. ಎಲ್ಲ ಕೂಡಿಸಿದರೆ ಮೂರು ವಾರ. ಸಂಪರ್ಕವಾದ ದಿನದಿಂದ 21 ದಿನ ಕಳೆದ ಮೇಲೆ ಮಾಡಿದ ಟೆಸ್ಟ್ ನಂಬಬಹುದು, ಬೆಳಗಿನ ಮೊದಲ ಮೂತ್ರವಾದರೆ ಒಳ್ಳೆಯದು. ಇವರಿಗೆ ಅದು ಜೂನ್ 3. ಅವತ್ತೂ ಒಂದೇ ಗೆರೆ. 6ಕ್ಕೆ ಮುಟ್ಟಾಯಿತು, ಎಂದಿಗಿಂತ ಒಂದು ದಿನ ಜಾಸ್ತಿ ಹೋಯಿತಂತೆ.

ಇನ್ನು ಬೇಗ ಆಗುವವರ ಕಥೆ. ಮುಟ್ಟಾಗಿ ಆರೇಳು ದಿನಕ್ಕೇ ಮಾತ್ರೆ ತಗೊಂಡರು ಅನ್ನಿ. ಆಗ ಗರ್ಭಕೋಶದ ಒಳಪದರ ಇನ್ನೂ ತೆಳ್ಳಗಿರುತ್ತೆ. ಮಾತ್ರೆಯ ಹಾರ್ಮೋನ್ ಏಕಾಏಕಿ ಬಂದು ಕೆಲವೇ ದಿನಕ್ಕೆ ಇಳಿದುಹೋಗುತ್ತೆ. ಹಾಗೆ ಇಳಿದಾಗ ಆ ಪದರ ನಿಲ್ಲದೆ ಕಳಚುತ್ತೆ. ಮಾತ್ರೆಯಾಗಿ ಒಂದು ವಾರದೊಳಗೆ ಬ್ಲೀಡಿಂಗ್. "ತಿಂಗಳಿಗೆ ಎರಡು ಸಲ ಆಗಿಬಿಟ್ಟಿತು" ಅನ್ನೋರು ಹೆಚ್ಚಾಗಿ ಇವರೇ. ಇದರಿಂದ ತೊಂದರೆಯಿಲ್ಲ, ಆದರೆ ಒಂದು ಮೋಸ ಇದೆ. ಇದು ಹಾರ್ಮೋನ್ ಇಳಿದದ್ದಕ್ಕೆ ಆದ ಬ್ಲೀಡಿಂಗ್, ಅಂಡಾಣು ಬಂದು ಹೋದದ್ದಕ್ಕೆ ಆದ ಮುಟ್ಟಲ್ಲ. ಅಂಡಾಣು ಇನ್ನೂ ಹಿಂದೆ ಕಾದು ಕೂತಿರಬಹುದು. ಹಾಗಾಗಿ ರಕ್ತ ಕಂಡಿತು, ಎಲ್ಲ ಕ್ಲೀನಾಯ್ತು ಅಂತ ನಿರಾಳ ಆಗೋಕಾಗಲ್ಲ. ಇಲ್ಲೂ 21ನೇ ದಿನದ ಟೆಸ್ಟೇ ಸಾಕ್ಷಿ.

ಇನ್ನೊಂದು ವಿಷಯ, ಇದಕ್ಕೆ ನಾನು ಅಂಗಡಿಯಲ್ಲಿ ಸುಮ್ನೆ ಜಗಳ ಬೇಕಾದರೂ ಆಡುತ್ತೇನೆ. "ಮಾತ್ರೆ ತಗೊಂಡಿದ್ದೀನಲ್ಲ, ಈ ತಿಂಗಳು ಸೇಫ್" ಅನ್ನೋದು ತಪ್ಪು. ಮೇಲಿನ ಲೆಕ್ಕವನ್ನೇ ನೋಡಿ. ಅಂಡಾಣು 17ರಿಂದ 22ಕ್ಕೆ ಹೋಯಿತು. ಹಾಗಾದ್ರೆ 19, 20ನೇ ತಾರೀಖು ಕಾಂಡೋಮ್ ಇಲ್ಲದೆ ಸೇರಿದರೆ ಏನಾಗುತ್ತೆ? ಮುಂದೂಡಿದ ಅಂಡಾಣುವಿನ ಎದುರಿಗೇ ಹೋಗಿ ನಿಂತ ಹಾಗಾಯ್ತು, ಅಲ್ವಾ.

ಹೆಚ್ಚಿನವರಿಗೆ ಲೆಕ್ಕದ ತಾರೀಖಿನ ಆಚೀಚೆ ಒಂದು ವಾರದೊಳಗೆ ಮುಟ್ಟು ಬಂದೇ ಬರುತ್ತೆ. ವಾರ ದಾಟಿತು ಅಂದ್ರೆ ಟೆಸ್ಟ್ ಮಾಡಿ. ಬಂದ ಮುಟ್ಟು ಎಂದಿನಂತಿಲ್ಲದೆ ತೀರಾ ಕಡಿಮೆ, ಬರೀ ಕಲೆ ಕಲೆ ಅನ್ನಿಸಿದರೂ ಮಾಡಿ. ಗರ್ಭ ನಿಂತ ಶುರುವಿನಲ್ಲೂ ಕೆಲವರಿಗೆ ಹಾಗೆ ಸ್ವಲ್ಪ ಸ್ವಲ್ಪ ಹೋಗುವುದುಂಟು.

ಕೆಲವು ಬ್ಲೀಡಿಂಗ್‌ಗೆ ಮಾತ್ರ ಕಾಯಬಾರದು. ಗಂಟೆಗೊಂದು ಪ್ಯಾಡ್ ತೋಯುತ್ತಾ ಎರಡು ಗಂಟೆ ಕಳೆಯಿತು, ಅಥವಾ ಮಾತ್ರೆಯಾಗಿ ಮೂರರಿಂದ ಐದು ವಾರದಲ್ಲಿ ಕಿಬ್ಬೊಟ್ಟೆಯ ಒಂದು ಪಕ್ಕ ಜೋರಾಗಿ ನೋಯುತ್ತಿದೆ, ತಲೆ ಸುತ್ತುತ್ತಿದೆ, ಭುಜದ ತುದಿ ಹಿಡಿದುಕೊಂಡಿದೆ, ಜೊತೆಗೆ ಸ್ವಲ್ಪವೇ ರಕ್ತ ಹೋಗುತ್ತಿದೆ. ಗರ್ಭ ಗರ್ಭಕೋಶದಲ್ಲಿ ನಿಲ್ಲದೆ ನಾಳದಲ್ಲಿ ನಿಂತಿದ್ದರೆ ಹೀಗಾಗುತ್ತೆ. ಮಾತ್ರೆ ಇದನ್ನು ತರಿಸುವುದಿಲ್ಲ, ಆದರೆ ಮಾತ್ರೆ ತಪ್ಪಿ ನಿಂತ ಗರ್ಭ ಅಲ್ಲಿ ನಿಂತಿರಬಹುದು, ನಾಳ ಒಡೆದರೆ ಪ್ರಾಣಕ್ಕೇ ಅಪಾಯ. ಆಗ ನನ್ನ ಅಂಗಡಿಗೆ ಬಂದು ಹೊಟ್ಟೆನೋವಿನ ಮಾತ್ರೆ ಕೇಳಬೇಡಿ. ಸೀದಾ ಆಸ್ಪತ್ರೆಗೆ ಹೋಗಿ, ಜೊತೆಗೆ ಯಾರೇ ಬಂದಿರಲಿ, ಡಾಕ್ಟರಿಗೆ ಮಾತ್ರೆ ನುಂಗಿದ ತಾರೀಖು ಮುಚ್ಚಿಡದೆ ಹೇಳಿ.