ವರ್ಡ್‌ನ ಕನ್ನಡ ವಾಟ್ಸ್‌ಆ್ಯಪ್‌ಗೆ ಬಂದಾಗ ಏಕೆ ಕೆಡುತ್ತದೆ?

ಪ್ರಶ್ನೆ: ಸೋಮವಾರಪೇಟೆ ಸಮೀಪದ ನಮ್ಮ ಸಹಕಾರ ಸಂಘದ ಮಹಾಸಭೆಯ ನೋಟಿಸನ್ನು ವರ್ಡ್‌ನಿಂದ ಕಾಪಿ ಮಾಡಿ, ಕಂಪ್ಯೂಟರಿನಲ್ಲೇ ತೆರೆದ ವಾಟ್ಸ್‌ಆ್ಯಪ್‌ಗೆ ಪೇಸ್ಟ್ ಮಾಡಿದರೆ ‘ಕೊಡಗು’ ಎಂಬುದು `PÉÆqÀUÀÄ` ಎಂದು ಬರುತ್ತದೆ. ಕ್ಲಿಪ್‌ಬೋರ್ಡ್‌ಗೆ ಅನುಮತಿ ಕೊಡಬೇಕೆ?

ಉತ್ತರ: ಅನುಮತಿಯ ದೋಷವಾಗಿದ್ದರೆ ಪೇಸ್ಟ್ ಮಾಡಿದಾಗ ಏನೂ ಬರುತ್ತಿರಲಿಲ್ಲ. ನಿಮ್ಮಲ್ಲಿ ಪಠ್ಯ ಬಂದಿದೆ, ಆದರೆ ಅದರ ಫಾಂಟ್ ಬಂದಿಲ್ಲ.

ವರ್ಡ್‌ನಲ್ಲಿ ಕಾಪಿ ಮಾಡಿದಾಗ ಕ್ಲಿಪ್‌ಬೋರ್ಡ್‌ನಲ್ಲಿ ಒಂದೇ ಪಠ್ಯದ ಹಲವು ರೂಪಗಳು ಕೂಡುತ್ತವೆ: ಫಾಂಟ್, ಬಣ್ಣ, ಗಾತ್ರಗಳ ಸಮೇತ ಇರುವುದೊಂದು, ಬರಿಯ ಅಕ್ಷರಗಳದ್ದೊಂದು. ಯಾವುದನ್ನು ತೆಗೆದುಕೊಳ್ಳಬೇಕೆಂಬುದನ್ನು ಪೇಸ್ಟ್ ಆಗುವ ಆ್ಯಪ್ ನಿರ್ಧರಿಸುತ್ತದೆ. ಇನ್ನೊಂದು ವರ್ಡ್ ಕಡತವು ಫಾಂಟ್ ಸಹಿತ ರೂಪವನ್ನು ತೆಗೆದುಕೊಳ್ಳುವುದರಿಂದ ಅಲ್ಲಿ ಎಲ್ಲವೂ ಸರಿಯಾಗಿ ಕಾಣುತ್ತದೆ. ವಾಟ್ಸ್‌ಆ್ಯಪ್ ಬರಿಯ ಅಕ್ಷರಗಳನ್ನು ಮಾತ್ರ ತೆಗೆದುಕೊಳ್ಳುತ್ತದೆ. ನಿಮ್ಮ ನೋಟಿಸ್ `Nudi 01 e`ಯಂತಹ ಹಳೆಯ ಫಾಂಟಿನಲ್ಲಿ ಟೈಪ್ ಆಗಿರುವುದರಿಂದ, ಕಡತದೊಳಗೆ ‘ಕ’ ಎಂಬ ಅಕ್ಷರವೇ ಇಲ್ಲ. ಅಲ್ಲಿರುವುದು `P` ಮತ್ತು `À`, ಅವುಗಳಿಗೆ ‘ಕ’ದ ಆಕಾರ ತೊಡಿಸಿದ್ದು ಫಾಂಟ್. ಯೂನಿಕೋಡ್‌ನಲ್ಲಾದರೆ ‘ಕ’ಕ್ಕೆ `U+0C95` ಎಂಬ ಸ್ವಂತ ಸಂಖ್ಯೆಯೇ ಇದೆ, ಆದ್ದರಿಂದ ಫಾಂಟ್ ಬದಲಾದರೂ ಅದು ‘ಕ’ವಾಗಿಯೇ ಉಳಿಯುತ್ತದೆ.

ಇದನ್ನು ಖಚಿತಪಡಿಸಿಕೊಳ್ಳಲು ನೋಟಿಸಿನ ಒಂದು ಸಾಲನ್ನು ಆಯ್ದು ಫಾಂಟನ್ನು `Nirmala UI` ಮಾಡಿ ನೋಡಿರಿ. ಕನ್ನಡ ಅಳಿದು ಇಂಗ್ಲಿಷ್ ಚಿಹ್ನೆಗಳು ಕಂಡರೆ ಕಡತ ಯೂನಿಕೋಡ್‌ನಲ್ಲಿಲ್ಲ.

ಪರಿಹಾರವೆಂದರೆ ನುಡಿ ಅಥವಾ ಬರಹ ತಂತ್ರಾಂಶದ ಪರಿವರ್ತಕದಿಂದ ಪಠ್ಯವನ್ನು ಯೂನಿಕೋಡ್‌ಗೆ ಬದಲಿಸಿ, ಆ ಹೊಸ ಪಠ್ಯವನ್ನು ಕಾಪಿ ಮಾಡುವುದು. ಇಲ್ಲಿ ಎರಡು ಕಡೆ ಕಣ್ಣಿಡಬೇಕು. ನೋಟಿಸಿನಲ್ಲಿ ಬ್ಯಾಂಕಿನ `IFSC` ಸಂಕೇತದಂತಹ ನಿಜವಾದ ಇಂಗ್ಲಿಷ್ ಅಕ್ಷರಗಳಿದ್ದರೆ, ಬರಿಯ ಪಠ್ಯವನ್ನಷ್ಟೇ ನೋಡುವ ಪರಿವರ್ತಕವು ಅವುಗಳನ್ನೂ ಕನ್ನಡದ ತುಣುಕುಗಳಾಗಿ ಬದಲಿಸಿಬಿಡುತ್ತದೆ. ಅಂಥವನ್ನು ಮತ್ತೆ ಕೈಯಿಂದಲೇ ಟೈಪ್ ಮಾಡುವುದು ಲೇಸು. ಎರಡನೆಯದು ಅರ್ಕಾವತ್ತು: ಹಳೆಯ ಫಾಂಟಿನಲ್ಲಿ ಅದು ವ್ಯಂಜನದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ‘ರ್’ ಮೊದಲು ಬರುತ್ತದೆ. ಈ ಸ್ಥಾನಪಲ್ಲಟದಲ್ಲಿ ಪರಿವರ್ತಕ ಎಡವಬಹುದಾದ್ದರಿಂದ ‘ಕಾರ್ಯದರ್ಶಿ’ಯಂತಹ ಪದಗಳನ್ನು ಕಳುಹಿಸುವ ಮುನ್ನ ಓದಿಕೊಳ್ಳಬೇಕು.

ಸದಸ್ಯರು ಓದಿದರೆ ಸಾಕು ಎಂದಾದರೆ ಪಿಡಿಎಫ್ ಮಾಡಿ ಕಳುಹಿಸಬಹುದು, ಏಕೆಂದರೆ ಸಾಮಾನ್ಯವಾಗಿ ಫಾಂಟ್ ಅದರೊಳಗೇ ಹೋಗುತ್ತದೆ. ಆದರೆ ಅದರಿಂದ ಯಾರಾದರೂ ಕಾಪಿ ಮಾಡಿದರೆ ಮತ್ತದೇ `PÉÆqÀUÀÄ`.

ಇನ್ನು ಅನುಮತಿಯ ವಿಷಯ. ಜಾಲತಾಣವೊಂದರ ಪೇಸ್ಟ್ ಗುಂಡಿ ಒತ್ತಿದರೂ ಏನೂ ಬಾರದಿದ್ದರೆ, ಬ್ರೌಸರಿನಲ್ಲಿ ಆ ತಾಣಕ್ಕೆ ಕ್ಲಿಪ್‌ಬೋರ್ಡ್ ಓದುವ ಅನುಮತಿ ನಿರಾಕರಣೆಯಾಗಿರಬಹುದು. ಆಗಲೂ `Ctrl+V` ಸಾಮಾನ್ಯವಾಗಿ ಕೆಲಸ ಮಾಡುತ್ತದೆ, ಏಕೆಂದರೆ ಅಲ್ಲಿ ಕೀಲಿ ಒತ್ತಿದ ನೀವೇ ಒಪ್ಪಿಗೆ ಕೊಟ್ಟಂತಾಗುತ್ತದೆ. ಐಫೋನಿನಲ್ಲಿ ಇದೇ ತೊಂದರೆ ಕಂಡರೆ, ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪ್‌ನ ಹೆಸರಿನಡಿ `Paste from Other Apps` ಎಂಬಲ್ಲಿ `Deny` ಆಯ್ಕೆಯಾಗಿದೆಯೇ ಎಂದು ನೋಡಿರಿ.